ಹಾರ್ಟ್ ಅಟ್ಯಾಕ್ ಆದವರ ಡಿಸ್ಚಾರ್ಜ್ ಸಮ್ಮರಿ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೃದ್ರೋಗದ ವಾರ್ಡಿನಲ್ಲಿ ಬಿಡುಗಡೆಯ ದಿನ ಮನೆಯವರ ಜೊತೆ ಕೂತು ಡಿಸ್ಚಾರ್ಜ್ ಸಮ್ಮರಿ ಓದಿ ಹೇಳುವುದು ನನ್ನ ಕೆಲಸದ ಒಂದು ಭಾಗ. ಅಲ್ಲಿ ಕೇಳಿದ್ದು, ಆಮೇಲೆ ಫೋನಿನಲ್ಲಿ ಕೇಳಿದ್ದು, ಪತ್ರದಲ್ಲಿ ಬಂದದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳನ್ನು ಜನ ಕೇಳಿದ ಹಾಗೇ ಇಟ್ಟಿದ್ದೇನೆ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಮಾದರಿ ಕಾಗದ ಇಟ್ಟುಕೊಳ್ಳೋಣ. ಇದು ಯಾವುದೇ ಒಬ್ಬರದ್ದಲ್ಲ, ಹಲವರ ಕಾಗದಗಳಿಂದ ಜೋಡಿಸಿದ್ದು. ತಿಪಟೂರು ಕಡೆಯ 58 ವರ್ಷದ ತೆಂಗು ಬೆಳೆಗಾರರು. ಮೊದಲಿಂದ ಸಕ್ಕರೆ ಕಾಯಿಲೆ, ಬಿಪಿ ಇದೆ. ಬೆಳಗಿನ ಜಾವ ಎದೆನೋವು ಬಂತು. ತಾಲೂಕು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಆಂಜಿಯೋಗ್ರಾಮ್ ಮಾಡಿ ಒಂದು ಸ್ಟೆಂಟ್ ಹಾಕಿದರು. ಈಗ ಮನೆಗೆ ಹೊರಟಿದ್ದಾರೆ. ಕೆಳಗೆ "ನಮ್ಮ ಮಾದರಿ" ಅಂದಾಗಲೆಲ್ಲ ಇವರದೇ ಕಾಗದ.

## ಕಾಗದ ಕೈಗೆ ಬಂದ ದಿನ

ಸಿಸ್ಟರ್, ಮೂರು ಪುಟ ಇದೆ. ಎಲ್ಲಿಂದ ಓದೋಕೆ ಶುರು ಮಾಡ್ಬೇಕು?

ಕೊನೆಯ ಪುಟದಿಂದ. ಮೊದಲ ಎರಡು ಪುಟದಲ್ಲಿ ಇರುವುದು ಆಗಿಹೋದದ್ದು: ಏನಾಗಿತ್ತು, ಏನು ಪರೀಕ್ಷೆ ಮಾಡಿದರು, ಏನು ಚಿಕಿತ್ಸೆ ಕೊಟ್ಟರು. ಅದನ್ನು ಮುಂದೆ ನೋಡುವ ಡಾಕ್ಟರ್ ಓದುತ್ತಾರೆ. ನೀವು ಇವತ್ತು ರಾತ್ರಿಯಿಂದಲೇ ಮಾಡಬೇಕಾದ ಕೆಲಸ "ಅಡ್ವೈಸ್ ಆನ್ ಡಿಸ್ಚಾರ್ಜ್" ಅನ್ನುವ ತಲೆಬರಹದ ಕೆಳಗೆ, ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಇರುತ್ತದೆ. ಮಾತ್ರೆ, ಊಟ, ಮತ್ತೆ ಬರಬೇಕಾದ ದಿನ, ಯಾವ ತೊಂದರೆ ಕಂಡರೆ ಓಡಿ ಬರಬೇಕು ಅನ್ನುವುದೆಲ್ಲ ಅಲ್ಲೇ.

ನಾನು ನೋಡಿದ ಹಾಗೆ ಮನೆಯವರು ಮೊದಲ ಪುಟದ ದೊಡ್ಡ ದೊಡ್ಡ ಪದಗಳಿಗೆ ಹೆದರಿ ಗೂಗಲ್ ಮಾಡುತ್ತಾ ಕೂರುತ್ತಾರೆ. ಎಡವುವುದು ಮಾತ್ರ ಕೊನೆಯ ಪುಟದ ಎರಡಕ್ಷರ, ಮೂರಕ್ಷರದ ಪದಗಳಲ್ಲಿ.

ಮೊದಲ ಸಾಲಲ್ಲೇ ಕೆ/ಸಿ/ಓ ಅಂತ ಇದೆ. ಇದು ಹೊಸ ಕಾಯಿಲೆನಾ?

ಅಲ್ಲ. "ಮೊದಲಿಂದಲೇ ಗೊತ್ತಿರುವ" ಅಂತ ಅದರ ಅರ್ಥ. ನಮ್ಮ ಮಾದರಿಯಲ್ಲಿ "ಕೆ/ಸಿ/ಓ ಟಿ2ಡಿಎಂ, ಎಚ್‌ಟಿಎನ್" ಅಂತ ಇದೆ. ಅಂದರೆ ಇವರಿಗೆ ಸಕ್ಕರೆ ಕಾಯಿಲೆ ಮತ್ತು ಬಿಪಿ ಮುಂಚೆಯಿಂದ ಇತ್ತು.

ಇದರ ಅಕ್ಕಪಕ್ಕದಲ್ಲಿ ಇನ್ನೂ ಮೂರು ಬರುತ್ತವೆ. ಸಿ/ಓ ಅಂದರೆ ರೋಗಿ ಹೇಳಿಕೊಂಡ ತೊಂದರೆ. ಎಚ್/ಓ ಅಂದರೆ ಹಿಂದೆ ಆಗಿದ್ದು. ಎಸ್/ಪಿ ಅಂದರೆ ಇಂಥ ಚಿಕಿತ್ಸೆ ಆಗಿದೆ. "ಎಸ್/ಪಿ ಪಿಟಿಸಿಎ" ಅಂತ ಇದ್ದರೆ ಬಲೂನ್ ಹಾಕಿ ರಕ್ತನಾಳ ಅಗಲಿಸುವ ಕೆಲಸ ಆಗಿದೆ ಅಂತ. ಮತ್ತೆ ಮಾಡಬೇಕು ಅಂತ ಅಲ್ಲ.

ಡಯಾಗ್ನೋಸಿಸ್‌ನಲ್ಲಿ "ಎಡಬ್ಲ್ಯುಎಂಐ, ಲೈಸ್ಡ್" ಅಂತ ಬರೆದಿದಾರೆ. ಹಾರ್ಟ್ ಅಟ್ಯಾಕ್ ಅಂತ ಎಲ್ಲೂ ಇಲ್ವಲ್ಲ?

ಅದೇ ಹಾರ್ಟ್ ಅಟ್ಯಾಕ್. ಕೊನೆಯ ಎರಡಕ್ಷರ, ಎಂಐ, ಅಂದರೆ ರಕ್ತ ಸಿಗದೆ ಹೃದಯದ ಸ್ನಾಯುವಿಗೆ ಏಟಾಗಿದೆ ಅಂತ. ಮುಂದಿನ ಅಕ್ಷರಗಳು ಯಾವ ಭಾಗಕ್ಕೆ ಅಂತ ಹೇಳುತ್ತವೆ. ಎಡಬ್ಲ್ಯು ಅಂದರೆ ಹೃದಯದ ಮುಂಭಾಗದ ಗೋಡೆ. ಐಡಬ್ಲ್ಯು ಅಂದರೆ ಕೆಳಭಾಗದ ಗೋಡೆ. ಸ್ಟೆಮಿ ಅಂತ ಇದ್ದರೆ ಇಸಿಜಿಯಲ್ಲಿ ಗೆರೆ ಒಂದು ಕಡೆ ಮೇಲೆದ್ದಿತ್ತು, ಸಾಮಾನ್ಯವಾಗಿ ನಾಳ ಪೂರ್ತಿ ಮುಚ್ಚಿಹೋದಾಗ ಹಾಗಾಗುತ್ತದೆ.

ಲೈಸ್ಡ್ ಅಂದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದಾರೆ. ನಮ್ಮ ಮಾದರಿಯವರಿಗೆ ತಾಲೂಕು ಆಸ್ಪತ್ರೆಯಲ್ಲಿ ಕೊಟ್ಟದ್ದು ಟೆನೆಕ್ಟೆಪ್ಲೇಸ್. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಮಟ್ಟದಲ್ಲಿ ಉಚಿತವಾಗಿ ಕೊಡುವುದು ಇದನ್ನೇ. "ಅಲ್ಲಿ ಸುಮ್ನೆ ಒಂದು ಸೂಜಿ ಚುಚ್ಚಿ ಕಳಿಸಿಬಿಟ್ರು" ಅಂತ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಆ ಸೂಜಿಯೇ ನಾಳವನ್ನು ಸ್ವಲ್ಪವಾದರೂ ತೆರೆದು ಸ್ನಾಯು ಉಳಿಸುವುದು. ಕೊಟ್ಟ ಸಮಯ ಕಾಗದದಲ್ಲಿ ಇದೆಯಾ ನೋಡಿ. ಮುಂದೆ ನೋಡುವ ಡಾಕ್ಟರಿಗೆ ಅದು ಬೇಕು.

"ಹೀಮೋಡೈನಮಿಕಲಿ ಸ್ಟೇಬಲ್" ಅಂದ್ರೆ ಪೂರ್ತಿ ವಾಸಿ ಆಗಿದೆ ಅಂತಾನಾ?

ವಾಸಿ ಅಂತ ಅಲ್ಲ. ಬಿಪಿ, ನಾಡಿ, ಉಸಿರು ಈಗ ಹದದಲ್ಲಿವೆ, ಡ್ರಿಪ್ಪು ಆಕ್ಸಿಜನ್ನು ಇಲ್ಲದೆ ಇರಬಲ್ಲರು, ಮನೆಗೆ ಕಳಿಸಬಹುದು ಅಂತ. ಏಟು ತಿಂದ ಸ್ನಾಯು ಮಾಯಲು ಇನ್ನೂ ವಾರಗಳು ಬೇಕು. "ಸ್ಟೇಬಲ್ ಅಂತ ಬರೆದಿದಾರಲ್ಲ" ಅಂತ ಮೂರನೇ ದಿನವೇ ತೆಂಗಿನಕಾಯಿ ಮೂಟೆ ಎತ್ತಿದವರಿದ್ದಾರೆ. ಯಾವಾಗ ಮೆಟ್ಟಿಲು, ಯಾವಾಗ ತೋಟ, ಯಾವಾಗ ಬೈಕು ಅಂತ ಕೇಳಿಕೊಂಡೇ ಹೊರಡಿ.

## ವರದಿಯ ಪದಗಳು, ಅಂಕಿಗಳು

ಒಂದು ಕಡೆ 95% ಬ್ಲಾಕ್ ಅಂತ ಸ್ಟೆಂಟ್ ಹಾಕಿದ್ರು. ಇನ್ನೊಂದು ಕಡೆ 30% ಇದೆ, ಅದನ್ನ ಯಾಕೆ ಬಿಟ್ರು? ದುಡ್ಡಿಗೋಸ್ಕರ ಇನ್ನೊಂದ್ಸಲ ಕರೀತಾರಾ?

ನಮ್ಮ ಮಾದರಿಯಲ್ಲಿ "ಎಸ್‌ವಿಡಿ, ಮಿಡ್ ಎಲ್‌ಎಡಿ 95%" ಅಂತಿದೆ. ಹೃದಯಕ್ಕೆ ರಕ್ತ ಕೊಡುವ ಮುಖ್ಯ ನಾಳಗಳು ಮೂರು. ಕಾಗದದಲ್ಲಿ ಅವು ಎಲ್‌ಎಡಿ, ಎಲ್‌ಸಿಎಕ್ಸ್, ಆರ್‌ಸಿಎ. ಎಸ್‌ವಿಡಿ ಅಂದರೆ ಒಂದರಲ್ಲಿ ಮಾತ್ರ ದೊಡ್ಡ ತಡೆ ಇದೆ. ಡಿವಿಡಿ ಅಂದರೆ ಎರಡರಲ್ಲಿ, ಟಿವಿಡಿ ಅಂದರೆ ಮೂರರಲ್ಲೂ. ಮಿಡ್ ಅಂದರೆ ಆ ನಾಳದ ನಡುಭಾಗ.

ಆರ್‌ಸಿಎಯಲ್ಲಿ 30% ಅಂದರೆ ಗೋಡೆಗೆ ಸ್ವಲ್ಪ ಕೊಬ್ಬು ಅಂಟಿದೆ, ರಕ್ತ ಹರಿಯಲು ಅಡ್ಡಿಯಾಗುತ್ತಿಲ್ಲ. ಅಷ್ಟಕ್ಕೆ ಸ್ಟೆಂಟ್ ಹಾಕುವುದಿಲ್ಲ, ಹಾಕಲೂಬಾರದು. ಅದಕ್ಕೆ ಔಷಧಿ ರಾತ್ರಿಯ ಕೊಲೆಸ್ಟ್ರಾಲ್ ಮಾತ್ರೆ. ಅದನ್ನು "ಮೈನರ್ ಸಿಎಡಿ" ಅಥವಾ "ಪ್ಲಾಕಿಂಗ್" ಅಂತಲೂ ಬರೆಯುತ್ತಾರೆ. ಅನುಮಾನ ಪಡುವುದು ತಪ್ಪಲ್ಲ, ಆದರೆ ಇಲ್ಲಿ ಸ್ಟೆಂಟ್ ಹಾಕದೆ ಬಿಟ್ಟಿದ್ದೇ ಸರಿಯಾದ ಕೆಲಸ.

ಹೆಚ್ಚು ಜನರನ್ನು ಹೆದರಿಸುವ ಇನ್ನೊಂದು ಸಾಲು "ಟಿಮಿ 3 ಫ್ಲೋ". ಮೂರನೇ ಸ್ಟೇಜ್ ಅಂತ ಮನೆಯಲ್ಲಿ ಅಳು ಶುರುವಾಗಿದ್ದೂ ಉಂಟು. ಇದು ಸ್ಟೆಂಟ್ ಹಾಕಿದ ಮೇಲೆ ರಕ್ತ ಎಷ್ಟು ಚೆನ್ನಾಗಿ ಹರಿಯುತ್ತಿದೆ ಅನ್ನುವ ಲೆಕ್ಕ. 0 ಅಂದರೆ ಹರಿವೇ ಇಲ್ಲ, 3 ಅಂದರೆ ಮಾಮೂಲಿ ಹರಿವು. ಇಲ್ಲಿ 3 ಬಂದರೆ ಸಂತೋಷ ಪಡಿ.

ಇಎಫ್ 40% ಅಂತೆ. ಅಪ್ಪನ ಹಾರ್ಟು ಬರೀ 40 ಪರ್ಸೆಂಟ್ ಕೆಲಸ ಮಾಡ್ತಿದೆಯಾ?

ಇಲ್ಲ. ಆದರೆ ಇಡೀ ಕಾಗದದಲ್ಲಿ ಹೀಗೆ ತಪ್ಪಾಗಿ ಅರ್ಥವಾಗುವ ಅಂಕಿ ಇನ್ನೊಂದಿಲ್ಲ.

ಹೃದಯದ ಎಡಗಡೆಯ ಕೆಳಗಿನ ಕೋಣೆಯಲ್ಲಿ ಬಡಿತಕ್ಕೆ ಮುಂಚೆ 100 ಮಿಲಿ ರಕ್ತ ತುಂಬಿದೆ ಅಂದುಕೊಳ್ಳಿ. ಆರೋಗ್ಯವಂತರ ಹೃದಯವೂ ಒಂದು ಬಡಿತಕ್ಕೆ ಅದನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ಸುಮಾರು 55ರಿಂದ 70 ಮಿಲಿ ಹೊರಗೆ ತಳ್ಳುತ್ತದೆ, ಉಳಿದದ್ದು ಒಳಗೇ ಇರುತ್ತದೆ. ಇಎಫ್ ಅಂದರೆ ಹೀಗೆ ಹೊರಗೆ ಹೋದ ಪಾಲು. ಹಾಗಾಗಿ ಇದನ್ನು 100ಕ್ಕೆ ಹೋಲಿಸಬಾರದು, 60ರ ಆಸುಪಾಸಿಗೆ ಹೋಲಿಸಬೇಕು. 40 ಅಂದರೆ ತಳ್ಳುವ ಶಕ್ತಿ ಕಡಿಮೆಯಾಗಿದೆ, ನಿಜ. ಆದರೆ ಅರ್ಧಕ್ಕಿಂತ ಜಾಸ್ತಿ ಹೃದಯ ನಿಂತುಹೋಗಿದೆ ಅಂತ ಖಂಡಿತ ಅಲ್ಲ. ಕಾಗದದಲ್ಲಿ ಇದರ ಪಕ್ಕ "ಎಲ್‌ವಿ ಡಿಸ್‌ಫಂಕ್ಷನ್" ಅಂತ ಇರುತ್ತದೆ. ಎಡಗಡೆಯ ಆ ಕೋಣೆಯ ಬಲ ಕುಗ್ಗಿದೆ ಅಂತ ಓದಿಕೊಳ್ಳಿ.

ಇನ್ನೊಂದು ವಿಷಯ. ಇಎಫ್ ಅಳೆಯುವುದು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ. ಅಟ್ಯಾಕ್ ಆದ ವಾರದಲ್ಲಿ ತೆಗೆದ ಎಕೋದಲ್ಲಿ ಸ್ನಾಯುವಿನ ಒಂದಷ್ಟು ಭಾಗ ಸತ್ತಿರುವುದಿಲ್ಲ, ಮಂಕಾಗಿ ನಿಂತಿರುತ್ತದೆ. ರಕ್ತ ಮತ್ತೆ ಸಿಕ್ಕ ಮೇಲೆ ಅದು ನಿಧಾನಕ್ಕೆ ಚೇತರಿಸಿಕೊಳ್ಳಬಹುದು. ಅದಕ್ಕೇ ಆರು ವಾರದಿಂದ ಮೂರು ತಿಂಗಳ ಒಳಗೆ ಇನ್ನೊಮ್ಮೆ ಎಕೋ ಮಾಡಿಸಲು ಬರೆಯುತ್ತಾರೆ. ಎಷ್ಟೋ ಜನರಿಗೆ 40 ಇದ್ದದ್ದು 50 ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಎರಡನೇ ಅಂಕಿ ಬರುವ ತನಕ ಮೊದಲನೆಯದನ್ನು ಹಿಡಿದು ಭವಿಷ್ಯ ಹೇಳಲು ಹೋಗಬೇಡಿ. ಮೂರು ತಿಂಗಳ ಚಿಕಿತ್ಸೆಯ ನಂತರವೂ 35 ಅಥವಾ ಅದಕ್ಕಿಂತ ಕೆಳಗೇ ಇದ್ದರೆ, ಬಡಿತ ಹಠಾತ್ತನೆ ತಪ್ಪಿದಾಗ ಸರಿಪಡಿಸುವ ಸಾಧನವನ್ನು ಎದೆಯ ಚರ್ಮದಡಿ ಇಡುವ ಮಾತು ಬರುತ್ತದೆ. ಅದರ ಹೆಸರು ಐಸಿಡಿ.

ಎಕೋ ಮಾಡುವ ಯಂತ್ರ, ಮಾಡುವ ಕೈ ಬದಲಾದರೆ ಅಂಕಿ ನಾಲ್ಕೈದು ಅತ್ತಿತ್ತ ಆಗುತ್ತದೆ. 40 ಇದ್ದದ್ದು 38 ಆಯ್ತು ಅಂತ ನಿದ್ದೆಗೆಡಬೇಡಿ.

"ಹಾರ್ಟ್ ಫೇಲ್ಯೂರ್" ಅಂತ ಬೇರೆ ಬರೆದಿದಾರೆ. ಇದನ್ನ ಅಮ್ಮನಿಗೆ ಹೇಗೆ ಹೇಳೋದು?

ಹಾರ್ಟ್ ಫೇಲ್ ಅಂದರೆ ನಮ್ಮ ಕಡೆ ಆಡುಮಾತಿನಲ್ಲಿ ಸತ್ತುಹೋದರು ಅಂತ. ಕಾಗದದಲ್ಲಿ ಆ ಅರ್ಥ ಇಲ್ಲ. ಹೃದಯ ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲಾಗದೆ ಹಿಂದೆ ಬೀಳುತ್ತಿದೆ, ಹಾಗಾಗಿ ಶ್ವಾಸಕೋಶದಲ್ಲೋ ಕಾಲಿನಲ್ಲೋ ನೀರು ಸೇರುತ್ತಿದೆ ಅನ್ನುವುದೇ ಫೇಲ್ಯೂರ್. ಅಮ್ಮನಿಗೆ "ಹೃದಯಕ್ಕೆ ಸುಸ್ತಾಗಿದೆ, ಅದಕ್ಕೆ ಮೈಯಲ್ಲಿ ನೀರು ನಿಲ್ತಿದೆ, ನೀರು ಇಳಿಸೋ ಮಾತ್ರೆ ಕೊಟ್ಟಿದಾರೆ" ಅಂದರೆ ಸಾಕು. ಇದರಲ್ಲಿ ಸುಳ್ಳೂ ಇಲ್ಲ, ಗಾಬರಿಯೂ ಇಲ್ಲ, ಮಾತ್ರೆ ಯಾಕೆ ಅಂತಲೂ ಗೊತ್ತಾಗುತ್ತದೆ. "ಏನೂ ಇಲ್ಲ ಕಣಮ್ಮ, ಗ್ಯಾಸು" ಅಂತ ಮಾತ್ರ ಹೇಳಬೇಡಿ. ಗ್ಯಾಸಿಗೆ ಯಾಕೆ ಇಷ್ಟು ಮಾತ್ರೆ ಅಂತ ಅವರೇ ಎರಡನೇ ವಾರ ನಿಲ್ಲಿಸಿಬಿಡುತ್ತಾರೆ.

ಎಕೋದಲ್ಲಿ ಮೈಲ್ಡ್ ಎಂಆರ್, ಟ್ರಿವಿಯಲ್ ಟಿಆರ್, ಗ್ರೇಡ್ ಒನ್ ಅಂತೆಲ್ಲ ಇದೆ. ವಾಲ್ವೂ ಹೋಯ್ತಾ?

ಎಂಆರ್, ಟಿಆರ್ ಎರಡೂ ಕವಾಟದಲ್ಲಿ ಸ್ವಲ್ಪ ರಕ್ತ ಹಿಂದಕ್ಕೆ ಸೋರುತ್ತಿದೆ ಅಂತ. ಟ್ರಿವಿಯಲ್ ಅಂದರೆ ಲೆಕ್ಕಕ್ಕಿಲ್ಲದಷ್ಟು, ಆರೋಗ್ಯವಂತರಲ್ಲೂ ಕಾಣುತ್ತದೆ. ಮೈಲ್ಡ್ ಅಂದರೆ ಅಲ್ಪ, ನೋಡಿಕೊಂಡಿದ್ದರೆ ಸಾಕು. "ಗ್ರೇಡ್ ಒನ್ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್" ಅಂದರೆ ಹೃದಯದ ಗೋಡೆ ಸಡಿಲವಾಗುವುದು ಸ್ವಲ್ಪ ನಿಧಾನ. ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ ಮಾಮೂಲಿ. "ಹೈಪೋಕೈನೆಟಿಕ್" ಅಂದರೆ ಆ ಭಾಗದ ಗೋಡೆ ಮಂದವಾಗಿ ಆಡುತ್ತಿದೆ. "ಎಕೈನೆಟಿಕ್" ಅಂದರೆ ಆಡುತ್ತಲೇ ಇಲ್ಲ. ಈ ಸಾಲಿನಲ್ಲಿ ನೀವು ಡಾಕ್ಟರನ್ನು ಕೇಳಲೇಬೇಕಾದದ್ದು ಕೊನೆಯ ಆ ಎರಡು ಪದ ಬಂದಾಗ.

ಕ್ರಿಯಾಟಿನಿನ್ 1.5 ಬಂದಿದೆ. ಸೇರಿಸಿದಾಗ 1.1 ಇತ್ತು. ಹಾರ್ಟಿಗೆ ಹೋಗಿ ಕಿಡ್ನಿ ಕಳ್ಕೊಂಡ್ವಾ?

ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಒಂದು ಕಸ. ರಕ್ತದಲ್ಲಿ ಅದು ಏರಿದರೆ ಕಿಡ್ನಿ ಸೋಸುವುದು ನಿಧಾನವಾಗಿದೆ ಅಂತ ಅರ್ಥ. ಆಂಜಿಯೋಗ್ರಾಮ್ ಮಾಡುವಾಗ ನಾಳ ಕಾಣಲಿ ಅಂತ ಬಿಡುವ ಡೈ ಕೆಲವರ ಕಿಡ್ನಿಗೆ ಭಾರವಾಗುತ್ತದೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ. ಅಟ್ಯಾಕ್ ಸಮಯದಲ್ಲಿ ಬಿಪಿ ಬಿದ್ದಿದ್ದರೂ ಹೀಗಾಗುತ್ತದೆ. ಡೈನಿಂದ ಏರಿದ್ದರೆ ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೆ ತುದಿ ಮುಟ್ಟಿ, ಒಂದು ವಾರ ಹತ್ತು ದಿನದಲ್ಲಿ ಇಳಿಯುತ್ತದೆ. "ರಿಪೀಟ್ ಆರ್‌ಎಫ್‌ಟಿ ಆಫ್ಟರ್ ಒನ್ ವೀಕ್" ಅಂತ ಬರೆದಿರುವುದು ಇದಕ್ಕೇ. ಆರ್‌ಎಫ್‌ಟಿ ಅಂದರೆ ಕಿಡ್ನಿಯ ರಕ್ತಪರೀಕ್ಷೆ. ಊರಿನ ಲ್ಯಾಬಿನಲ್ಲೇ ಮಾಡಿಸಬಹುದು, ತಪ್ಪಿಸಬೇಡಿ.

ಅದು ಇಳಿದಿದೆ ಅಂತ ಗೊತ್ತಾಗುವ ತನಕ ಮಂಡಿನೋವು, ಬೆನ್ನುನೋವು ಅಂತ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ತರಹದವು ಕಿಡ್ನಿಗೂ ಕೆಟ್ಟದ್ದು, ಹೃದಯಕ್ಕೂ ಕೆಟ್ಟದ್ದು. ಇಳಿದ ಮೇಲೂ ಹಾರ್ಟ್ ಪೇಷಂಟಿಗೆ ಅವು ಬೇಡ.

## ಮಾತ್ರೆ ಪಟ್ಟಿ

ಒಡಿ, ಬಿಡಿ, ಎಚ್‌ಎಸ್, ಎಸ್‌ಒಎಸ್… ಇದೆಲ್ಲ ಯಾವ ಭಾಷೆ?

ಹಳೆ ಲ್ಯಾಟಿನ್ ಕೃಪೆ. ಒಡಿ ಅಂದರೆ ದಿನಕ್ಕೆ ಒಂದು ಸಲ. ಬಿಡಿ ಅಂದರೆ ಎರಡು ಸಲ, ಮಾತ್ರೆ ಬಿಡಿ ಅಂತ ಅಲ್ಲ! ನಗಬೇಡಿ, ಕನ್ನಡದಲ್ಲಿ ಬರೆದುಕೊಟ್ಟಾಗ ಹಾಗೆ ಓದಿ ಬಿಟ್ಟವರಿದ್ದಾರೆ. ಟಿಡಿಎಸ್ ಅಂದರೆ ಮೂರು ಸಲ. ಎಚ್‌ಎಸ್ ಅಂದರೆ ರಾತ್ರಿ ಮಲಗುವ ಮುಂಚೆ. ಎಸಿ ಅಂದರೆ ಊಟಕ್ಕೆ ಮುಂಚೆ, ಪಿಸಿ ಅಂದರೆ ಊಟ ಆದ ಮೇಲೆ. 1-0-1 ಅಂತ ಇದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ಎಸ್‌ಒಎಸ್ ಅಂದರೆ ಬೇಕೆನಿಸಿದಾಗ ಮಾತ್ರ. ದಿನಾ ನುಂಗುವುದಲ್ಲ.

ಹೋಲ್ಡ್ ಅನ್ನುವುದನ್ನು ಮಾತ್ರ ಎರಡು ಸಲ ಓದಿ. "ಹೋಲ್ಡ್ ಮೆಟ್‌ಫಾರ್ಮಿನ್ 48 ಅವರ್ಸ್" ಅಂದರೆ ಮೆಟ್‌ಫಾರ್ಮಿನ್ ಅನ್ನುವ ಸಕ್ಕರೆ ಮಾತ್ರೆಯನ್ನು ಎರಡು ದಿನ ಕೊಡಬೇಡಿ ಅಂತ. ಆಮೇಲೆ ತಾನಾಗಿ ಶುರು ಮಾಡಬೇಕಾ, ರಕ್ತಪರೀಕ್ಷೆ ನೋಡಿ ಶುರು ಮಾಡಬೇಕಾ ಅಂತ ಹೊರಡುವ ಮುಂಚೆ ಕೇಳಿ. ಇದನ್ನು ಕೇಳದೆ ಹೋಗಿ ಮೂರು ವಾರ ಸಕ್ಕರೆ ಮಾತ್ರೆಯೇ ಇಲ್ಲದೆ ಕೂತವರು ಬರುತ್ತಾರೆ.

ಮಾತ್ರೆ ಮುಂದೆ "1 ತಿಂಗಳು" ಅಂತ ಇದೆ. ತಿಂಗಳು ಮುಗೀತು, ನಿಲ್ಸಬಹುದಾ?

ಇಲ್ಲ. ಅಲ್ಲಿ ಬರೆದಿರುವುದು ಮುಂದಿನ ಭೇಟಿಯ ತನಕ ಎಷ್ಟು ಮಾತ್ರೆ ಕೊಳ್ಳಬೇಕು ಅನ್ನುವುದನ್ನು. ಚಿಕಿತ್ಸೆ ಎಷ್ಟು ದಿನ ಅನ್ನುವುದನ್ನಲ್ಲ. ಆಂಟಿಬಯೋಟಿಕ್ ಐದು ದಿನ ಅಂದರೆ ಐದೇ ದಿನ. ಹೃದಯದ ಮಾತ್ರೆಗೆ ಆ ಲೆಕ್ಕ ಇಲ್ಲ.

ಇದರಲ್ಲೂ ಪ್ರಾಣಕ್ಕೆ ಸಂಬಂಧಪಟ್ಟದ್ದು ರಕ್ತ ತೆಳು ಮಾಡುವ ಎರಡು ಮಾತ್ರೆಗಳು. ಕಾಗದದಲ್ಲಿ "ಡ್ಯಾಪ್ಟ್" ಅಂತ ಇರಬಹುದು. ನಮ್ಮ ಮಾದರಿಯಲ್ಲಿ ಆಸ್ಪಿರಿನ್ 75 ಮತ್ತು ಕ್ಲೋಪಿಡೋಗ್ರೆಲ್ 75. ಕೆಲವರಿಗೆ ಕ್ಲೋಪಿಡೋಗ್ರೆಲ್ ಬದಲು ಟಿಕಾಗ್ರೆಲಾರ್ ಇರುತ್ತದೆ. ನಿಜ ಹೇಳಬೇಕೆಂದರೆ ಇವು ರಕ್ತವನ್ನು ತೆಳು ಮಾಡುವುದಿಲ್ಲ, ರಕ್ತದ ಕಣಗಳು ಒಂದಕ್ಕೊಂದು ಅಂಟದ ಹಾಗೆ ತಡೆಯುತ್ತವೆ. ಆದರೆ ಎಲ್ಲರೂ ಹಾಗೇ ಕರೆಯುವುದರಿಂದ ನಾನೂ ಹಾಗೇ ಹೇಳುತ್ತೇನೆ.

ಸ್ಟೆಂಟ್ ಲೋಹದ ಬಲೆ. ಹೊಸದರಲ್ಲಿ ಅದು ರಕ್ತಕ್ಕೆ ಬರಿಮೈಯಾಗಿ ತಾಗುತ್ತಿರುತ್ತದೆ. ತಿಂಗಳುಗಳು ಕಳೆದಂತೆ ನಾಳದ ಒಳಪದರ ಬೆಳೆದು ಅದನ್ನು ಮುಚ್ಚುತ್ತದೆ. ಈಗ ಹಾಕುವುದು ಹೆಚ್ಚಾಗಿ ಡಿಇಎಸ್, ಅಂದರೆ ಔಷಧಿ ಸವರಿದ ಸ್ಟೆಂಟ್. ಆ ಔಷಧಿ ನಾಳ ಮತ್ತೆ ಕಟ್ಟಿಕೊಳ್ಳದ ಹಾಗೆ ತಡೆಯುತ್ತದೆ, ಜೊತೆಗೆ ಈ ಮುಚ್ಚಿಕೊಳ್ಳುವ ಕೆಲಸವನ್ನೂ ನಿಧಾನ ಮಾಡುತ್ತದೆ. ಅಷ್ಟರೊಳಗೆ ಮಾತ್ರೆ ನಿಲ್ಲಿಸಿದರೆ ಬಲೆಯ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಒಮ್ಮೆಲೇ ಮುಚ್ಚಬಹುದು. ಅದು ಮೊದಲ ಅಟ್ಯಾಕಿಗಿಂತ ದೊಡ್ಡದಾಗಬಹುದು.

ಹಾರ್ಟ್ ಅಟ್ಯಾಕ್ ನಂತರ ಈ ಎರಡನ್ನೂ ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಆಮೇಲೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಜೀವನಪೂರ್ತಿ ಮುಂದುವರಿಸುತ್ತಾರೆ. ರಕ್ತಸ್ರಾವದ ಭಯ ಇದ್ದವರಿಗೆ ಅವಧಿ ಕಡಿಮೆ ಮಾಡುವುದುಂಟು, ಆದರೆ ಆ ತೀರ್ಮಾನ ಹೃದಯದ ಡಾಕ್ಟರದ್ದು. ಹಲ್ಲು ಕೀಳಿಸಬೇಕು, ಕಣ್ಣಿನ ಪೊರೆ ತೆಗೆಸಬೇಕು ಅಂತ ಹೋದಾಗ "ಐದು ದಿನ ನಿಲ್ಸಿ ಬನ್ನಿ" ಅಂತ ಯಾರಾದರೂ ಅಂದರೆ, ಸ್ಟೆಂಟ್ ಹಾಕಿದ ತಾರೀಕು ತೋರಿಸಿ, ಹೃದಯದ ಡಾಕ್ಟರಿಗೆ ಫೋನ್ ಮಾಡಿಸಿ. ಹಲ್ಲು ಕೀಳುವಂಥ ಸಣ್ಣ ಕೆಲಸಕ್ಕೆ ಸಾಮಾನ್ಯವಾಗಿ ನಿಲ್ಲಿಸಬೇಕಾಗುವುದೇ ಇಲ್ಲ.

ಒಸಡಲ್ಲಿ ಚೂರು ರಕ್ತ, ಮೈಮೇಲೆ ಸಣ್ಣ ನೀಲಿ ಮಚ್ಚೆ ಕಂಡರೆ ಮುಂದಿನ ಭೇಟಿಯಲ್ಲಿ ಹೇಳಿದರೆ ಆಯ್ತು. ಮಲ ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ ಅವತ್ತೇ ಬನ್ನಿ.

"ಸಬ್‌ಲಿಂಗ್ವಲ್ ಎಸ್‌ಒಎಸ್" ಅಂತ ಒಂದು ಪುಟ್ಟ ಮಾತ್ರೆ ಕೊಟ್ಟಿದಾರೆ. ಯಾವಾಗ ಕೊಡ್ಬೇಕು?

ಸಬ್‌ಲಿಂಗ್ವಲ್ ಅಂದರೆ ನಾಲಿಗೆ ಕೆಳಗೆ ಇಡುವುದು. ಇದು ಐಸೋಸಾರ್ಬೈಡ್ ಡೈನೈಟ್ರೇಟ್, 5 ಮಿಲಿಗ್ರಾಂ. ಜನರ ಬಾಯಲ್ಲಿ "ಎದೆನೋವಿನ ಮಾತ್ರೆ". ಎದೆ ಹಿಂಡಿದಂತೆ ನೋವು ಬಂದಾಗ ರೋಗಿಯನ್ನು ಕೂರಿಸಿ, ನಾಲಿಗೆ ಕೆಳಗೆ ಒಂದು ಇಡಿ. ನೀರು ಕೊಟ್ಟು ನುಂಗಿಸಬೇಡಿ. ನಿಂತಿದ್ದಾಗ ಕೊಟ್ಟರೆ ಬಿಪಿ ಇಳಿದು ಬಿದ್ದುಬಿಡಬಹುದು. ತಲೆ ಧಿಮಿಧಿಮಿ ಅನ್ನುವುದು ಸಹಜ. ಐದು ನಿಮಿಷದಲ್ಲಿ ನೋವು ಕಡಿಮೆಯಾಗದಿದ್ದರೆ, ಅಥವಾ ಜಾಸ್ತಿಯಾದರೆ, 108ಕ್ಕೆ ಫೋನ್ ಮಾಡಿ. ಮಗ ಬೆಂಗಳೂರಿಂದ ಬರಲಿ ಅಂತ ಕಾಯಬೇಡಿ.

ನೋವು ಶುರುವಾಗುವ ಮುಂಚೆಯೇ ತಲೆಸುತ್ತು, ಬೆವರು ಇದ್ದು ಬಿಪಿ ತೀರಾ ಕಡಿಮೆ ಇದ್ದರೆ ಇದನ್ನು ಕೊಡಬಾರದು. ಗಂಡಸರ ಲೈಂಗಿಕ ಶಕ್ತಿಗೆ ಅಂತ ಮಾರುವ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆ ತೆಗೆದುಕೊಂಡವರಿಗೂ ಕೂಡದು, ಬಿಪಿ ಅಪಾಯದ ಮಟ್ಟಕ್ಕೆ ಬೀಳುತ್ತದೆ. ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಅದಕ್ಕೆ ನಾನೇ ಹೇಳಿಬಿಡುತ್ತೇನೆ.

ಮನೇಲಿ ಹಳೆ ಬಿಪಿ ಮಾತ್ರೆ ಎರಡು ಸ್ಟ್ರಿಪ್ ಇದೆ. ಅದನ್ನೂ ಮುಂದುವರಿಸ್ಬೇಕಾ?

ಕೇಳದೆ ಮುಂದುವರಿಸಬೇಡಿ. ನಮ್ಮ ಮಾದರಿಯವರು ಮೊದಲು ಟೆಲ್ಮಿಸಾರ್ಟಾನ್ 40 ತಗೊಳ್ಳುತ್ತಿದ್ದರು. ಈಗ ಕಾಗದದಲ್ಲಿ ರಾಮಿಪ್ರಿಲ್ 2.5 ಇದೆ. ಹಳೆಯದನ್ನು ನಿಲ್ಲಿಸಿ ಅಂತ ಎಲ್ಲೂ ಬರೆದಿಲ್ಲ. ಹೆಸರು ಬೇರೆ, ಡಬ್ಬಿ ಬೇರೆ, ಆದ್ದರಿಂದ ಮನೆಯವರು ಎರಡನ್ನೂ ಕೊಡುತ್ತಾರೆ. ಆದರೆ ಎರಡೂ ದೇಹದಲ್ಲಿ ಒಂದೇ ದಾರಿಯಲ್ಲಿ ಕೆಲಸ ಮಾಡುತ್ತವೆ. ಒಟ್ಟಿಗೆ ಕೊಟ್ಟರೆ ಬಿಪಿ ಕುಸಿಯಬಹುದು, ಕಿಡ್ನಿಗೆ ಹೊಡೆತ ಬೀಳಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. 1.5 ಕ್ರಿಯಾಟಿನಿನ್ ಇರುವವರಿಗೆ ಇದು ಸಣ್ಣ ಮಾತಲ್ಲ.

ಇದೇ ರೀತಿ ಒಂದೇ ಕ್ಯಾಪ್ಸೂಲಿನಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಮೂರೂ ಸೇರಿರುವುದುಂಟು. ಅದರ ಮೇಲೆ ಹಳೆಯ ಆಸ್ಪಿರಿನ್ ಕೊಟ್ಟರೆ ಡಬಲ್ ಆಯ್ತು. ಆದ್ದರಿಂದ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿ ಬಿಡುಗಡೆಯ ದಿನ ತನ್ನಿ. ಬ್ರ್ಯಾಂಡ್ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ ಹೋಲಿಸಬೇಕು. ಜನೌಷಧಿ ಅಂಗಡಿಯಲ್ಲಿ ಕೊಳ್ಳುವವರಿಗೂ ಬೇಕಾಗುವುದು ಆ ಸಣ್ಣ ಅಕ್ಷರದ ಹೆಸರೇ.

## ಮನೆಗೆ ಹೋದ ಮೇಲೆ

"ಸೋಡಿಯಂ 2 ಗ್ರಾಂ" ಅಂತ ಬರೆದಿದಾರೆ. ದಿನಕ್ಕೆ 2 ಗ್ರಾಂ ಉಪ್ಪಾ? ಊಟ ಹೇಗೆ ಮಾಡೋದು?

ಸೋಡಿಯಂ ಬೇರೆ, ಉಪ್ಪು ಬೇರೆ. ಉಪ್ಪಿನಲ್ಲಿ ಸೋಡಿಯಂ ಇರುವುದು ಸುಮಾರು ಐದರಲ್ಲಿ ಎರಡು ಪಾಲು. ಹಾಗಾಗಿ 2 ಗ್ರಾಂ ಸೋಡಿಯಂ ಅಂದರೆ 5 ಗ್ರಾಂ ಉಪ್ಪು. ಒಂದು ಟೀ ಚಮಚ, ಮಟ್ಟಸವಾಗಿ, ಇಡೀ ದಿನಕ್ಕೆ.

ಚಮಚದಲ್ಲಿ ಅಳೆಯುವುದು ಕಷ್ಟ ಅನ್ನಿಸಿದರೆ ಪ್ಯಾಕೆಟ್ ಲೆಕ್ಕ ಇಡಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ದಿನಕ್ಕೆ 20 ಗ್ರಾಂ. ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ತಿಂಗಳಿಗೇ ಮುಗಿಯುತ್ತಿದೆ ಅಂದರೆ ನೀವೆಲ್ಲರೂ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ ತಿನ್ನುತ್ತಿದ್ದೀರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿ ಖಾರ ಇವೆಲ್ಲ ಈ ಲೆಕ್ಕದ ಹೊರಗೆ ಬರುವ ಉಪ್ಪು.

ಸೈಂಧವ ಲವಣ ಬಳಸಬಹುದಾ ಅಂತ ಕೇಳುತ್ತಾರೆ. ಅದೂ ಸೋಡಿಯಮ್ಮೇ, ವ್ಯತ್ಯಾಸ ಇಲ್ಲ. "ಲೋ ಸೋಡಿಯಂ" ಅಂತ ಮಾರುವ ಉಪ್ಪು ಇನ್ನೂ ತೊಂದರೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ರಾಮಿಪ್ರಿಲ್ ತರಹದ ಮಾತ್ರೆ ನುಂಗುವ, ಕಿಡ್ನಿ ಸ್ವಲ್ಪ ಏರುಪೇರಾಗಿರುವ ಮನುಷ್ಯನಿಗೆ ಅದು ಏರಿ ಹೃದಯದ ಬಡಿತವೇ ತಪ್ಪಬಹುದು. ಎಳನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ. ತೆಂಗಿನ ತೋಟದವರಿಗೆ ಎಳನೀರು ಬೇಡ ಅನ್ನುವುದು ಕಷ್ಟ, ಗೊತ್ತು. ಆದರೂ ಒಂದು ವಾರದ ರಕ್ತಪರೀಕ್ಷೆ ಬಂದು ಡಾಕ್ಟರ್ ಹೂಂ ಅನ್ನುವ ತನಕ ತಡೆಯಿರಿ.

"ರಿವ್ಯೂ ಆಫ್ಟರ್ 2 ವೀಕ್ಸ್ / ಎಸ್‌ಒಎಸ್" ಅಂದ್ರೆ? ಎಸ್‌ಒಎಸ್ ಅಂತ ನಾವು ಹೇಗೆ ಗುರುತಿಸೋದು?

ಎರಡು ವಾರಕ್ಕೆ ಬನ್ನಿ, ಅದಕ್ಕೆ ಮುಂಚೆ ತೊಂದರೆ ಬಂದರೆ ಆಗಲೇ ಬನ್ನಿ ಅಂತ. ಎದೆನೋವಿಗೆ ಏನು ಮಾಡಬೇಕು ಅಂತ ಮೇಲೆ ಹೇಳಿದೆ. ಹೆಚ್ಚು ಜನ ತಡ ಮಾಡುವುದು ಮೈಯಲ್ಲಿ ನೀರು ಸೇರುವುದನ್ನು ಗುರುತಿಸಲು.

ಅದಕ್ಕೆ ತೂಕದ ಯಂತ್ರ ಬೇಕು. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೂ ಮುಂಚೆ, ದಿನಾ ಒಂದೇ ತರಹದ ಬಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಊಟದ ತೂಕ ಅಲ್ಲ, ನೀರು. ಕಾಲು ಊದುವುದು ಎಷ್ಟೋ ಸಲ ಅದರ ಆಮೇಲೆ. ರಾತ್ರಿ ಒಂದು ದಿಂಬಿನ ಬದಲು ಎರಡು ಮೂರು ಬೇಕಾಗುತ್ತಿದೆ, ಮಲಗಿದರೆ ಕೆಮ್ಮು, ಎದ್ದು ಕೂತರೆ ಸಮಾಧಾನ ಅಂದರೂ ಅದೇ ಅರ್ಥ. ಕಾಗದದಲ್ಲಿ ಇದರ ಹೆಸರು "ಆರ್ಥಾಪ್ನಿಯಾ". ಇಂಥ ಕೆಮ್ಮಿಗೆ ಸಿರಪ್ ಕುಡಿಸುತ್ತಾ ವಾರ ಕಳೆಯಬೇಡಿ. ರಾಮಿಪ್ರಿಲ್‌ನಿಂದಲೂ ಒಣ ಕೆಮ್ಮು ಬರುತ್ತದೆ. ಅದು ಕೂತರೂ ಮಲಗಿದರೂ ಒಂದೇ ತರಹ ಕಾಡುತ್ತದೆ. ಅದಕ್ಕೆ ಮಾತ್ರೆ ಬದಲಿಸಿಕೊಡುತ್ತಾರೆ.

"ಪ್ರೋಗ್ನೋಸಿಸ್ ಗಾರ್ಡೆಡ್, ಎಕ್ಸ್‌ಪ್ಲೇನ್ಡ್ ಟು ಅಟೆಂಡರ್ಸ್" ಅಂತ ಇದೆ. ಕೈ ಬಿಟ್ಟಿದಾರಾ?

ಗಾರ್ಡೆಡ್ ಅಂದರೆ ಮುಂದೆ ಹೇಗಾಗುತ್ತದೆ ಅಂತ ಖಚಿತವಾಗಿ ಹೇಳಲಾರೆವು, ಎಚ್ಚರದಿಂದ ನೋಡಬೇಕು ಅಂತ. ಕೈಬಿಟ್ಟಿದ್ದೇವೆ ಅಂತ ಅಲ್ಲ. ಕೈಲಾಗದ ಸ್ಥಿತಿಗೆ "ಪೂರ್" ಅಥವಾ "ಗ್ರೇವ್" ಅಂತ ಬರೆಯುತ್ತಾರೆ. ಎರಡನೇ ಭಾಗದ ಅರ್ಥ, ಇದನ್ನು ಮನೆಯವರಿಗೆ ತಿಳಿಸಿದ್ದೇವೆ ಅಂತ. ನಿಮಗೆ ಯಾರೂ ತಿಳಿಸಿಲ್ಲವಾದರೆ, ಸಹಿ ಮಾಡುವ ಮುಂಚೆ ಡಾಕ್ಟರನ್ನು ಕರೆಸಿ ಕೇಳಿ. ಅದು ನಿಮ್ಮ ಹಕ್ಕು.

ಇದರ ಜೊತೆ "ಡಿಸ್ಚಾರ್ಜ್ಡ್ ಅಟ್ ರಿಕ್ವೆಸ್ಟ್" ಅಥವಾ "ಎಲ್‌ಎಎಂಎ" ಅಂತ ಇದೆಯಾ ನೋಡಿ. ಮೊದಲನೆಯದು ನೀವು ಕೇಳಿಕೊಂಡಿದ್ದಕ್ಕೆ ಬಿಡುತ್ತಿದ್ದಾರೆ ಅಂತ. ಎರಡನೆಯದು ಡಾಕ್ಟರ್ ಬೇಡ ಅಂದರೂ ಹೊರಟಿದ್ದೀರಿ ಅಂತ. ನೀವು ಹಾಗೆ ಮಾಡಿಲ್ಲದಿದ್ದರೆ ಆ ಸಾಲು ಅಲ್ಲಿರಬಾರದು.

ಕಾಗದದಲ್ಲೇ ತಪ್ಪಿದ್ರೆ? ಅಪ್ಪನಿಗೆ ಬಿಪಿ 2 ವರ್ಷದಿಂದ, ಇಲ್ಲಿ 12 ಅಂತ ಬರೆದಿದಾರೆ.

ತಿದ್ದಿಸಿ, ಮನೆಗೆ ಹೋಗುವ ಮುಂಚೆಯೇ. ಪ್ರವೇಶದ ರಾತ್ರಿ ಗಡಿಬಿಡಿಯಲ್ಲಿ ಬಾವನೋ ಪಕ್ಕದ ಮನೆಯವರೋ ಹೇಳಿದ್ದನ್ನು ಬರೆದುಕೊಂಡಿರುತ್ತಾರೆ, ಅದೇ ಕೊನೆಯ ತನಕ ನಕಲಾಗುತ್ತಾ ಬರುತ್ತದೆ. ಕಾಯಿಲೆ ಎಷ್ಟು ವರ್ಷದಿಂದ ಇದೆ ಅನ್ನುವುದನ್ನು ಖಾಸಗಿ ಇನ್ಶೂರೆನ್ಸಿನವರು ಪಾಲಿಸಿ ತಗೊಂಡ ತಾರೀಕಿನ ಜೊತೆ ಹೋಲಿಸುತ್ತಾರೆ. ಒಂದು ತಪ್ಪು ಅಂಕಿಗೆ ಕ್ಲೇಮ್ ನಿಂತುಹೋಗಬಹುದು.

ಹಳೆಯ ಚೀಟಿ ಇದ್ದರೆ ತೋರಿಸಿ. ಪೆನ್ನಿನಲ್ಲಿ ಗೀಚಿ ತಿದ್ದಿದ್ದು ನಡೆಯುವುದಿಲ್ಲ. ತಿದ್ದಿದ ಹೊಸ ಪ್ರತಿ, ಅಥವಾ ತಿದ್ದುಪಡಿಯ ಪ್ರತ್ಯೇಕ ಹಾಳೆ, ಡಾಕ್ಟರ ಸಹಿ ಮತ್ತು ಆಸ್ಪತ್ರೆಯ ಸೀಲಿನೊಂದಿಗೆ ಕೇಳಿ. ಹಾಗೇ ಹೆಸರಿನ ಕಾಗುಣಿತ, ವಯಸ್ಸು, ಸ್ಟೆಂಟ್ ಹಾಕಿದ ತಾರೀಕು, ಅಲರ್ಜಿ ಇರುವ ಔಷಧಿಯ ಹೆಸರು ಸರಿ ಇದೆಯಾ ನೋಡಿ. ಸ್ಟೆಂಟಿನ ಸ್ಟಿಕ್ಕರ್ ಅಂಟಿಸಿದ ಕಾರ್ಡು ಬೇರೆ ಕೊಡುತ್ತಾರೆ. ಅದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಮೂಲವನ್ನು ಇದೇ ಫೈಲಿಗೆ ಸೇರಿಸಿ.